ಶಬ್ದ ಕೊನೆವರೆಗೂ ಕೇಳಿ: ಜರ್ಮನ್ ವರ್ಕ್‌ಶಾಪ್‌ನಲ್ಲಿ ನನ್ನ ಮೊದಲ ವರ್ಷ

ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಜರ್ಮನ್ ಭಾಷೆಯ ಬಿ1 ಪರೀಕ್ಷೆ ಪಾಸು ಮಾಡಿಕೊಂಡು ಇಲ್ಲಿಗೆ ಬಂದೆ. ಮೂರೂವರೆ ವರ್ಷದ ಔಸ್‌ಬಿಲ್ಡುಂಗ್, ಅಂದರೆ ಕೆಲಸ ಮಾಡುತ್ತಲೇ ಕಲಿಯುವ ತರಬೇತಿ. ನನ್ನದು ಲೋಹದ ತುಂಡುಗಳನ್ನು ಕೊರೆದು ಆಕಾರ ಕೊಡುವ ಲೇತ್ ಮತ್ತು ಮಿಲ್ಲಿಂಗ್ ವಿಭಾಗ. ಭಾಷಾ ತರಗತಿಯಲ್ಲಿ ‘ಆನ್‌ತ್ಸೀಯೆನ್’ ಎಂದರೆ ಬಟ್ಟೆ ತೊಡುವುದು ಎಂದು ಕಲಿತಿದ್ದೆ. ಮೊದಲ ವಾರವೇ ಲೇತಿನ ಕೈಪಿಡಿಯಲ್ಲಿ ‘ಶ್ರೌಬೆನ್ ಆನ್‌ತ್ಸೀಯೆನ್’ ಎಂದು ಸಿಕ್ಕಿತು. ಅಲ್ಲಿ ಅದರ ಅರ್ಥ ಸ್ಕ್ರೂಗಳನ್ನು ಬಿಗಿ ಮಾಡುವುದು.

ಕೈಪಿಡಿಯ ವಾಕ್ಯಗಳನ್ನು ಇಂಗ್ಲಿಷಿಗೆ ಹೊಂದಿಸಿ ಓದಲು ಹೋಗಿ ತಿಂಗಳುಗಟ್ಟಲೆ ಒದ್ದಾಡಿದೆ. ಆಮೇಲೆ ಗೊತ್ತಾಯಿತು, ಅವು ಕನ್ನಡದ ಬೋರ್ಡುಗಳ ಹಾಗೇ ಇವೆ. ದೇವಸ್ಥಾನದ ಬಾಗಿಲಲ್ಲಿ ‘ಪಾದರಕ್ಷೆಗಳನ್ನು ಹೊರಗೆ ಬಿಡುವುದು’ ಎಂದು ಬರೆದಿರುತ್ತದಲ್ಲ, ಅದೇ ಅಚ್ಚು. ‘ಶುಟ್ಸ್‌ಹೌಬೆ ಷ್ಲೀಸೆನ್’ ಎಂದರೆ ರಕ್ಷಣಾ ಕವಚ ಮುಚ್ಚುವುದು. ವಸ್ತು ಮೊದಲು, ಕೆಲಸ ಕೊನೆಗೆ. ಯಾರು ಮಾಡಬೇಕು ಎಂಬ ಮಾತೇ ಇಲ್ಲ. ಅಂದಿನಿಂದ ಇಂಗ್ಲಿಷ್ ಬಿಟ್ಟು ನೇರವಾಗಿ ಕನ್ನಡದಲ್ಲೇ ಅರ್ಥ ಬರೆದುಕೊಂಡೆ.

ಗೋಡೆಯ ಚಿಹ್ನೆಗಳು ಇದಕ್ಕಿಂತ ಸುಲಭ. ನೀಲಿ ವೃತ್ತ ಇದ್ದರೆ ಮಾಡಲೇಬೇಕು, ಅಡ್ಡಗೆರೆಯ ಕೆಂಪು ವೃತ್ತ ಇದ್ದರೆ ಮಾಡಕೂಡದು, ಹಳದಿ ತ್ರಿಕೋನ ಎಚ್ಚರಿಕೆಗೆ. ಆದರೂ ಒಂದು ಕಡೆ ಎಡವಿದೆ. ಕೊರೆಯುವಾಗ ಲೋಹವನ್ನು ತಂಪಾಗಿಡುವ ಕೂಲೆಂಟ್ ದ್ರವ ಬೆರೆಸುವ ಜಾಗದಲ್ಲಿ ಕೈಗವಸಿನ ನೀಲಿ ಚಿಹ್ನೆ ಇತ್ತು, ಹಾಕಿಕೊಂಡೆ. ಅದೇ ಕೈಗವಸಿನಲ್ಲೇ ಲೇತಿನ ಹತ್ತಿರ ಹೋದೆ. ಅಲ್ಲಿ ಅದೇ ಕೈಗವಸಿನ ಮೇಲೆ ಕೆಂಪು ಗೆರೆ ಎಳೆದಿತ್ತು. ಕೆಲಸದ ತುಂಡನ್ನು ಕಚ್ಚಿ ಹಿಡಿದು ತಿರುಗುವ ಚಕ್ ಕೈಗವಸನ್ನು ಹಿಡಿದರೆ ಕೈಯನ್ನೂ ಎಳೆದುಕೊಂಡೇ ಬಿಡುತ್ತದೆ. ಅಲ್ಲಿ ಬರಿಗೈಯಲ್ಲೇ ಕೆಲಸ, ಲೋಹದ ಸುರುಳಿಗಳನ್ನು ಮಾತ್ರ ಕೈಯಿಂದ ಮುಟ್ಟದೆ ಕೊಕ್ಕೆಯಿಂದ ಎಳೆಯಬೇಕು.

ಕೈಪಿಡಿಯ ಎಚ್ಚರಿಕೆಗಳಲ್ಲಿ ‘ಗೆಫಾರ್’ ಎಲ್ಲಕ್ಕಿಂತ ಮೇಲು: ತಪ್ಪಿದರೆ ಸಾವು ಅಥವಾ ಗಂಭೀರ ಗಾಯ ಆಗಿಯೇ ಆಗುತ್ತದೆ. ‘ವಾರ್ನುಂಗ್’ ಎಂದರೆ ಅಂಥದ್ದು ಆಗಬಹುದು. ‘ಫೋರ್‌ಜಿಷ್ಟ್’ ಸಣ್ಣ ಗಾಯಕ್ಕೆ. ‘ಆಖ್ಟುಂಗ್’ ಕೇಳಲು ಭಯಂಕರ, ಆದರೆ ಹಲವು ಕೈಪಿಡಿಗಳಲ್ಲಿ ಅದು ಯಂತ್ರಕ್ಕೆ ಆಗುವ ಹಾನಿಗೆ ಮಾತ್ರ. ಆ ಕೈಪಿಡಿ ಯಾವ ಪದವನ್ನು ಹೇಗೆ ಬಳಸುತ್ತದೆ ಎಂಬುದು ಸಾಮಾನ್ಯವಾಗಿ ಸುರಕ್ಷತೆಯ ಅಧ್ಯಾಯದ ಆರಂಭದಲ್ಲೇ ಇರುತ್ತದೆ. ಅದನ್ನು ಓದದೆ ಮುಂದೆ ಹೋಗಬಾರದು.

ನನಗೆ ಹೆಚ್ಚು ಪಾಠ ಕಲಿಸಿದ್ದು ‘ಲ್ಯೋಜೆನ್’. ಟೇಪರ್ ಟರ್ನಿಂಗ್‌ಗೆ ಅಂದರೆ ತುಂಡನ್ನು ಒಂದು ತುದಿಗೆ ಕಿರಿದಾಗುವಂತೆ ಕೊರೆಯಲು, ಕೊರೆಯುವ ಉಳಿಯನ್ನು ಹೊತ್ತ ಮೇಲಿನ ಸ್ಲೈಡನ್ನು ಓರೆ ಮಾಡಬೇಕಿತ್ತು. ಕೈಪಿಡಿಯಲ್ಲಿದ್ದದ್ದು ಮೂರೇ ಹೆಜ್ಜೆ: ನಟ್‌ಗಳನ್ನು ಲ್ಯೋಜೆನ್, ಸ್ಲೈಡನ್ನು ತಿರುಗಿಸುವುದು, ನಟ್‌ಗಳನ್ನು ಆನ್‌ತ್ಸೀಯೆನ್. ನಿಘಂಟಿನಲ್ಲಿ ಲ್ಯೋಜೆನ್ ಎಂದರೆ ‘ಬಿಡಿಸುವುದು’ ಎಂದಿತ್ತು. ನಾನು ಎರಡೂ ನಟ್ ಪೂರ್ತಿ ಬಿಚ್ಚಿ ಮೇಜಿನ ಮೇಲಿಟ್ಟೆ. ಬೋಲ್ಟಿನ ಥ್ರೆಡ್ಡುಗಳಿಗೆ ಲೋಹದ ಚೂರು ಸೇರಿಕೊಂಡು, ಮತ್ತೆ ಹಾಕುವಾಗ ನಟ್ ಕಚ್ಚಿಕೊಂಡಿತು. ಇಲ್ಲಿ ಬೇಕಿದ್ದದ್ದು ಸಡಿಲಿಸುವುದು ಮಾತ್ರ. ಪೂರ್ತಿ ತೆಗೆಯಬೇಕಿದ್ದರೆ ಕೈಪಿಡಿ ಸಾಮಾನ್ಯವಾಗಿ ‘ಹೆರೌಸ್‌ಡ್ರೇಯೆನ್’ ಅಥವಾ ‘ಎಂಟ್‌ಫೆರ್ನೆನ್’ ಎನ್ನುತ್ತದೆ. ಅನುಮಾನ ಬಂದರೆ ಮುಂದಿನ ಹೆಜ್ಜೆ ನೋಡುತ್ತೇನೆ. ಅಲ್ಲಿ ‘ಅಪ್‌ನೇಮೆನ್’, ಅಂದರೆ ಭಾಗವನ್ನು ಕಳಚಿ ತೆಗೆಯುವುದು ಎಂದಿದ್ದರೆ, ಅದನ್ನು ಹಿಡಿದಿರುವ ನಟ್ ಹೊರಗೇ ಬರಬೇಕು. ತಿರುಗಿಸುವುದು ಎಂದಷ್ಟೇ ಇದ್ದರೆ ಒಂದೆರಡು ಸುತ್ತು ಸಾಕು.

ಇದಾದ ಮೇಲೆ ನೋಟ್‌ಪುಸ್ತಕವನ್ನು ಅಕ್ಷರಕ್ರಮದ ಬದಲು ಕ್ರಿಯಾಪದದ ಬುಡ ಹಿಡಿದು ಬರೆಯತೊಡಗಿದೆ. ‘ತ್ಸೀಯೆನ್’ ಎಂದರೆ ಎಳೆಯುವುದು. ‘ಆನ್’ ಸೇರಿದರೆ ಬಿಗಿ ಮಾಡು, ‘ನಾಖ್’ ಸೇರಿದರೆ ಸ್ವಲ್ಪ ಕಾಲ ಯಂತ್ರ ಓಡಿದ ಮೇಲೆ ಇನ್ನೊಮ್ಮೆ ಬಿಗಿ ಮಾಡು, ‘ಅಪ್’ ಸೇರಿದರೆ ಎಳೆದು ತೆಗೆ. ಒಂದು ಪುಟಕ್ಕೆ ಒಂದೇ ಬುಡ.

ಕಾಗದದ ಮೇಲೆ ಈ ಉಪಸರ್ಗ ಕ್ರಿಯಾಪದಕ್ಕೆ ಅಂಟಿಕೊಂಡಿರುತ್ತದೆ. ಬಾಯಿಮಾತಿನ ಆಜ್ಞೆಯಲ್ಲಿ ಅದು ಕಳಚಿ ವಾಕ್ಯದ ತುದಿಗೆ ಹೋಗುತ್ತದೆ. ಒಮ್ಮೆ ಚಕ್‌ನಲ್ಲಿ ಕೆಲಸದ ತುಂಡು ಬಿಗಿದು, ಅದನ್ನು ಬಿಗಿಯುವ ಕೀಲಿ ಇನ್ನೂ ಚಕ್‌ನಲ್ಲೇ ಇರುವಾಗ ತರಬೇತುದಾರರು ‘ತ್ಸೀ ಡೆನ್ ಶ್ಲ್ಯುಸೆಲ್ ಅಪ್’, ಅಂದರೆ ಕೀಲಿಯನ್ನು ಎಳೆದು ತೆಗೆ ಎಂದರು. ಪಕ್ಕದ ಯಂತ್ರದ ಸದ್ದಿನಲ್ಲಿ ಕೊನೆಯ ‘ಅಪ್’ ಕೇಳಿಸಲಿಲ್ಲ. ‘ತ್ಸೀ’ ಅಷ್ಟೇ ಕಿವಿಗೆ ಬಿತ್ತು. ಬಿಗಿ ಮಾಡು ಅಂದರು ಎಂದುಕೊಂಡು ಇನ್ನಷ್ಟು ತಿರುಗಿಸಿ, ಕೀಲಿ ಅಲ್ಲೇ ಬಿಟ್ಟು ಸ್ವಿಚ್‌ ಕಡೆ ಕೈ ಚಾಚಿದೆ. ಅವರು ನನ್ನ ಮಣಿಕಟ್ಟು ಹಿಡಿದು, ಕೀಲಿಯನ್ನು ತಾವೇ ಕಿತ್ತರು. ಚಕ್ ಹೊತ್ತ ಸ್ಪಿಂಡಲ್ ತಿರುಗಿದ್ದರೆ ಆ ಉಕ್ಕಿನ ಕೀಲಿ ಯಾರ ಮುಖಕ್ಕೆ ಬೇಕಾದರೂ ಹಾರುತ್ತಿತ್ತು.

ಈಗ ಅವರು ಹೇಳಿದ್ದು ಪೂರ್ತಿ ಕೇಳಿಸದಿದ್ದರೆ ಕೈ ಹಿಂದಕ್ಕೆ ತೆಗೆದು ‘ಆನ್ ಓಡರ್ ಅಪ್?’, ಅಂದರೆ ಆನ್ ಅಥವಾ ಅಪ್, ಯಾವುದು ಎಂದು ಕೇಳುತ್ತೇನೆ. ಲೇತ್ ಶುರು ಮಾಡುವ ಮೊದಲು, ಯಾರೂ ಕೇಳದಿದ್ದರೂ, ‘ಶ್ಲ್ಯುಸೆಲ್ ಇಸ್ಟ್ ಅಪ್’, ಅಂದರೆ ಕೀಲಿ ತೆಗೆದಾಯಿತು ಎಂದು ಗಟ್ಟಿಯಾಗಿ ಹೇಳಿ, ಕೀಲಿ ಅದರ ಜಾಗದಲ್ಲಿ ಇದೆಯೇ ಎಂದು ಕಣ್ಣಾರೆ ನೋಡಿ, ಆಮೇಲೆ ಸ್ವಿಚ್ ಒತ್ತುತ್ತೇನೆ.