ಮೂವತ್ತನೆಯ ದಿನಕ್ಕೆ ಮುಂಚೆ ಬರೆಯಬೇಕಾದ ವರದಿ

ಮಾನಸಿಕ ಕಾಯಿಲೆ ಇರುವವರನ್ನು ಅವರ ಒಪ್ಪಿಗೆಯಿಲ್ಲದೆ ಆಸ್ಪತ್ರೆಯಲ್ಲಿ ಇರಿಸಿಕೊಳ್ಳಲು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 89ನೇ ಸೆಕ್ಷನ್ ಕೊಡುವುದು ಹೆಚ್ಚೆಂದರೆ ಮೂವತ್ತು ದಿನ. ಅದರಾಚೆಗೆ 90ನೇ ಸೆಕ್ಷನ್ ಬರುತ್ತದೆ, ಪುನರ್ವಿಮರ್ಶಾ ಮಂಡಳಿಯ ಅನುಮತಿ ಬೇಕಾಗುತ್ತದೆ. ಜಿಲ್ಲಾ ನ್ಯಾಯಾಧೀಶರ ದರ್ಜೆಯ ಅಧ್ಯಕ್ಷರು, ಜಿಲ್ಲಾಧಿಕಾರಿಯ ಪ್ರತಿನಿಧಿ, ಒಬ್ಬ ಮನೋವೈದ್ಯ, ಒಬ್ಬ ವೈದ್ಯ, ಜೊತೆಗೆ ಕಾಯಿಲೆಯನ್ನು ಸ್ವತಃ ಕಂಡವರು, ಆರೈಕೆ ಮಾಡಿದವರು ಅಥವಾ ಸ್ವಯಂಸೇವಾ ಸಂಸ್ಥೆಯವರ ಪೈಕಿ ಇಬ್ಬರು ಈ ಮಂಡಳಿಯಲ್ಲಿರುತ್ತಾರೆ. ಇವರ ಮುಂದೆ ಹೋಗುವ ವರದಿಗಳನ್ನು ಓದಿ ಓದಿ ನನಗೆ ಒಂದು ಸಾಲು ಬಾಯಿಪಾಠವಾಗಿದೆ: ‘ರೋಗಿಗೆ ಒಳನೋಟವಿಲ್ಲ, ಆಕ್ರಮಣಕಾರಿ, ಚಿಕಿತ್ಸೆ ಮುಂದುವರಿಸುವುದು ಅಗತ್ಯ.’ ಮಂಡಳಿ ಕೇಳುವ ಒಂದು ಪ್ರಶ್ನೆಗೂ ಇದರಲ್ಲಿ ಉತ್ತರವಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ವ್ಯಕ್ತಿ ಕಲ್ಪಿತ. ಹಾವೇರಿ ಜಿಲ್ಲೆಯ 41 ವರ್ಷದ ರೈತ, ಸ್ಕಿಜೋಫ್ರೇನಿಯಾ. ಅಣ್ಣ ಊಟದಲ್ಲಿ ಕೀಟನಾಶಕ ಬೆರೆಸುತ್ತಾನೆ ಎಂಬ ಬಲವಾದ ನಂಬಿಕೆ. ಸೇರಿಸಿದಾಗ ತೂಕ 44 ಕಿಲೋ.

ಮೊದಲು ಕ್ಯಾಲೆಂಡರ್. ಇಬ್ಬರು ಮನೋವೈದ್ಯರು ಹಿಂದಿನ ಏಳು ದಿನಗಳೊಳಗೆ, ಪ್ರತ್ಯೇಕವಾಗಿ, ಪರೀಕ್ಷಿಸಿರಬೇಕು. ಅಂದರೆ 24ನೇ ದಿನದ ಹೊತ್ತಿಗೆ ಕೆಲಸ ಶುರುವಾಗಿರಬೇಕು. ಒಬ್ಬರೇ ಮನೋವೈದ್ಯರಿರುವ ಕಡೆ ಎರಡನೆಯವರಿಗೆ ಮೊದಲ ವಾರದಲ್ಲೇ ಫೋನ್ ಮಾಡಿಡಿ. ಒಬ್ಬರು ಬರೆದದ್ದಕ್ಕೆ ಇನ್ನೊಬ್ಬರು ಸಹಿ ಹಾಕಿದರೆ ಅದು ಎರಡು ಪರೀಕ್ಷೆಯಾಗುವುದಿಲ್ಲ. ಪದಕ್ಕೆ ಪದ ಒಂದೇ ಆಗಿರುವ ಎರಡು ಅಭಿಪ್ರಾಯಗಳು ಎಲ್ಲಿಂದ ಬಂದವು ಎಂಬುದು ಓದಿದವರಿಗೆ ಗೊತ್ತಾಗುತ್ತದೆ.

ಕಾಗದಪತ್ರ. ನಾಮನಿರ್ದೇಶಿತ ಪ್ರತಿನಿಧಿಯ ಅರ್ಜಿ, ತನಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ ಎಂದು ರೋಗಿ ಮೊದಲೇ ಬರೆದಿಟ್ಟ ಮುಂಗಡ ನಿರ್ದೇಶನ ಇದ್ದರೆ ಅದರ ಪ್ರತಿ. ಇಲ್ಲದಿದ್ದರೆ ‘ವಿಚಾರಿಸಲಾಗಿದೆ, ಇಲ್ಲ’ ಎಂಬ ಒಂದು ಸಾಲು.

ಅಪಾಯ. 89ನೇ ಸೆಕ್ಷನ್‌ಗೆ ‘ಇತ್ತೀಚೆಗೆ’ ನಡೆದದ್ದು ಸಾಕು. 90ಕ್ಕೆ ಬಂದಾಗ ತನಗೆ ಹಾನಿ, ಇತರರಿಗೆ ಹಾನಿ, ತನ್ನನ್ನು ನೋಡಿಕೊಳ್ಳಲಾಗದಿರುವುದು, ಇವುಗಳಲ್ಲಿ ಒಂದಾದರೂ ಕಾಲಕ್ರಮದಲ್ಲಿ ಸತತವಾಗಿ ಕಂಡಿರಬೇಕು. ಸೇರಿಸಿದ ದಿನದ ಟಿಪ್ಪಣಿಯನ್ನೇ ನಕಲು ಮಾಡುವವರು ಎಡವುವುದು ಇಲ್ಲಿ. ವಿಶೇಷಣಗಳನ್ನು ಬಿಟ್ಟು ದಿನಾಂಕಗಳನ್ನು ಬರೆಯಿರಿ. ನಮ್ಮ ರೈತ ಎಂದು ಕುಸಿದು ಬಿದ್ದರು, ತಾಲ್ಲೂಕು ಆಸ್ಪತ್ರೆಯಲ್ಲಿ ಎಷ್ಟು ಸಲ ಡ್ರಿಪ್ ಹಾಕಿಸಿಕೊಂಡರು, ವಾರ್ಡಿನಲ್ಲಿ ವಾರವಾರ ತೂಕ ಎಷ್ಟು, ಇಷ್ಟು ಸಾಕು. ಅವರು ಯಾರ ಮೇಲೂ ಕೈ ಮಾಡಿಲ್ಲ ಎಂದಾದರೆ ಅದನ್ನೂ ಬರೆಯಿರಿ. ನಿಮ್ಮ ವಾದಕ್ಕೆ ಒಗ್ಗದ ಸಂಗತಿಯನ್ನು ನೀವೇ ಹೇಳಿದಾಗ ಉಳಿದದ್ದನ್ನು ಮಂಡಳಿ ನಂಬುತ್ತದೆ.

ನಿರ್ಧಾರ ಸಾಮರ್ಥ್ಯ. ಒಳನೋಟ ಇಲ್ಲ ಎಂದರೆ ಸಾಮರ್ಥ್ಯ ಇಲ್ಲ ಎಂದಲ್ಲ. ನಿಮಗೆ ತಪ್ಪೆನಿಸುವ ತೀರ್ಮಾನ ತೆಗೆದುಕೊಂಡರು ಎಂಬ ಒಂದೇ ಕಾರಣಕ್ಕೆ ಸಾಮರ್ಥ್ಯವಿಲ್ಲ ಎನ್ನುವಂತಿಲ್ಲ. ಅವರ ಭಾಷೆಯಲ್ಲಿ ವಿವರಿಸಿ, ಏನು ಕೇಳಿದಿರಿ, ಏನು ಹೇಳಿದರು ಎಂಬುದನ್ನು ಹಾಗೆಯೇ ದಾಖಲಿಸಿ. ‘ತೂಕ ಇಳಿದದ್ದು ಗೊತ್ತು, ಆದರೆ ಊಟ ಮಾಡಿದರೆ ಇವತ್ತೇ ಸಾಯುತ್ತೇನೆ’ ಎಂಬ ಅವರ ಒಂದು ಮಾತು ನಿಮ್ಮ ಅರ್ಧ ಪುಟದ ವಿಶ್ಲೇಷಣೆಗಿಂತ ಹೆಚ್ಚು ತಿಳಿಸುತ್ತದೆ: ಮಾಹಿತಿ ತಲುಪಿದೆ, ಪರಿಣಾಮವನ್ನು ತೂಗಲು ಭ್ರಮೆ ಬಿಡುತ್ತಿಲ್ಲ.

ಕನಿಷ್ಠ ನಿರ್ಬಂಧದ ಮಾರ್ಗ. ವರದಿಯ ಜೀವ ಇರುವುದು ಇಲ್ಲಿ, ಹೆಚ್ಚಿನವರು ಒಂದು ಸಾಲಿನಲ್ಲಿ ಮುಗಿಸುವುದೂ ಇದನ್ನೇ: ‘ಪರ್ಯಾಯ ಸೌಲಭ್ಯಗಳು ಲಭ್ಯವಿಲ್ಲ.’ ಈ ಸಾಲು ವರದಿಯನ್ನು ಮುಳುಗಿಸುತ್ತದೆ. ಊರಿನಲ್ಲಿ ಸಮುದಾಯ ಸೇವೆ ಇಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಮುಂದುವರಿಸುವಂತಿಲ್ಲ ಎಂದು ಅದೇ 90ನೇ ಸೆಕ್ಷನ್ ಹೇಳುತ್ತದೆ. ಮನೆಯವರು ಒಪ್ಪುತ್ತಿಲ್ಲ, ಹೋಗಲು ಮನೆಯಿಲ್ಲ ಎಂಬುವು ಕೂಡ ತಾವಾಗಿಯೇ ಕಾರಣಗಳಲ್ಲ. ಸೇವೆ ಇದ್ದಿದ್ದರೂ ಇಂದು ಅದರಿಂದ ಈ ವ್ಯಕ್ತಿಯ ಅಗತ್ಯ ಏಕೆ ತೀರುವುದಿಲ್ಲ ಎಂಬುದನ್ನು ನೀವು ತೋರಿಸಬೇಕು.

ನನ್ನ ಪದ್ಧತಿ ಇದು. ಪ್ರತಿ ಪರ್ಯಾಯಕ್ಕೂ ನಾಲ್ಕು ಮಾತು: ಯಾವಾಗ ಪ್ರಯತ್ನಿಸಿದೆವು, ಏನಾಯಿತು, ಈಗ ಏಕೆ ಸಾಲದು, ಏನು ಬದಲಾದರೆ ಸಾಕಾಗುತ್ತದೆ. ನಾಲ್ಕನೆಯದನ್ನು ಬಿಡಲೇಬೇಡಿ.

ರೈತನ ವಿಷಯದಲ್ಲಿ ಮೊದಲ ಪರ್ಯಾಯ ಸ್ವಂತ ಮನೆ. ಅಲ್ಲಿ ಅಡುಗೆ ಅಣ್ಣನ ಸಂಸಾರದ್ದೇ, ಆದ್ದರಿಂದ ಭ್ರಮೆ ಇಳಿಯುವವರೆಗೆ ಊಟ ನಡೆಯದು. ಎರಡನೆಯದು ರಾಣೆಬೆನ್ನೂರಿನ ತಂಗಿಯ ಮನೆ. ಆಕೆ ಸಿದ್ಧಳಿದ್ದಾಳೆ. 91ನೇ ಸೆಕ್ಷನ್‌ನಡಿ ಎರಡು ದಿನದ ರಜೆ ಕೊಟ್ಟು ಕಳುಹಿಸಲಾಯಿತು. ಮೊದಲ ದಿನ ಉಂಡರು. ಮರುದಿನ ಅಣ್ಣ ಬಂದು ಹೋದ ಮೇಲೆ ನೀರನ್ನೂ ಮುಟ್ಟಲಿಲ್ಲ. ವರದಿಯಲ್ಲಿ ‘ರಜೆ ವಿಫಲ’ ಎಂದು ಬರೆದರೆ ಅರ್ಧ ಸತ್ಯ. ಅಣ್ಣ ಬಾರದಿದ್ದರೆ ಈ ಮನೆ ಆಗಬಹುದು ಎಂಬುದು ಉಳಿದರ್ಧ. ಮೂರನೆಯದು ತಾಲ್ಲೂಕು ಆಸ್ಪತ್ರೆಯಲ್ಲಿ ತಿಂಗಳಿಗೊಮ್ಮೆ ದೀರ್ಘಾವಧಿಯ ಚುಚ್ಚುಮದ್ದು. ಮೊದಲ ಡೋಸ್ 18ನೇ ದಿನ ಕೊಟ್ಟಿದ್ದರೆ ಅದು ಪೂರ್ತಿ ಹಿಡಿತಕ್ಕೆ ಬರಲು ಇನ್ನೂ ವಾರಗಳು ಬೇಕು. ನಾಲ್ಕನೆಯದು ಮಾನಸಧಾರಾದಂತಹ ಹಗಲು ಆರೈಕೆ ಕೇಂದ್ರ. ಮಧ್ಯಾಹ್ನದ ಊಟ ಅಲ್ಲಿ ಸಾಗೀತು, ರಾತ್ರಿಯದು ಉಳಿಯುತ್ತದೆ. ತಂಗಿಯ ಮನೆಯೊಂದಿಗೆ ಸೇರಿದರೆ ಮಾತ್ರ ಇದು ದಾರಿ.

ವಾರ್ಡಿನೊಳಗಿನ ನಿರ್ಬಂಧವೂ ಲೆಕ್ಕಕ್ಕೆ ಬರುತ್ತದೆ. ಸ್ವಂತ ಬಟ್ಟೆ ಹಾಕಿಕೊಳ್ಳುತ್ತಾರೆಯೇ, ಫೋನ್ ಕೈಯಲ್ಲಿದೆಯೇ, ಬಾಗಿಲು ತೆರೆದಿದೆಯೇ, ಒಂದು ಸಲವಾದರೂ ಕಟ್ಟಿಹಾಕಲಾಯಿತೇ? ಮೊದಲೆರಡು ವಾರ ನಮ್ಮ ರೈತ ಸೀಲ್ ಒಡೆಯದ ಬಿಸ್ಕತ್ ಪೊಟ್ಟಣ ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ಒಬ್ಬ ನರ್ಸ್ ಸಿಪ್ಪೆ ಸುಲಿಯದ ಬಾಳೆಹಣ್ಣು, ಬೇಯಿಸಿದ ಮೊಟ್ಟೆ ಇಟ್ಟರು. ತಾವೇ ಸುಲಿದು ತಿಂದರು. ತೂಕ 47 ಕಿಲೋಗೆ ಏರಿತು. ಮೂಗಿನ ನಳಿಕೆ ಬೇಕಾಗಲಿಲ್ಲ. ಇದು ನರ್ಸಿಂಗ್ ಟಿಪ್ಪಣಿಯಲ್ಲಿ ಇರುತ್ತದೆ, ವೈದ್ಯರ ವರದಿಗೆ ಬರುವುದೇ ಇಲ್ಲ. ಮಂಡಳಿ ಇದನ್ನು ಓದಬೇಕು, ಏಕೆಂದರೆ ಬಲವಂತ ಬೇಡದ ದಾರಿ ಸಿಕ್ಕಾಗ ನೀವು ಅದನ್ನು ಹಿಡಿದಿರಿ ಎಂಬುದಕ್ಕೆ ಇದೇ ಸಾಕ್ಷಿ.

ತಕ್ಕಡಿಯ ಇನ್ನೊಂದು ತಟ್ಟೆಯನ್ನು ಖಾಲಿ ಬಿಡಬೇಡಿ. ಉಳಿಸಿಕೊಳ್ಳುವುದರಿಂದ ಅವರು ಕಳೆದುಕೊಳ್ಳುತ್ತಿರುವುದೇನು? ಮೆಕ್ಕೆಜೋಳದ ಕೊಯ್ಲು ತಪ್ಪುತ್ತಿದೆ, ಊರಿನಲ್ಲಿ ಮಾತು ಹುಟ್ಟಿದೆ, ಇಷ್ಟವಿಲ್ಲದ ಔಷಧಿಯಿಂದ ಕೈ ನಡುಗುತ್ತಿದೆ. ಇದನ್ನು ಹೆಸರಿಸಿ ಬರೆದ ಮೇಲೆ ‘ಆದರೂ’ ಎನ್ನಲು ನಿಮಗೆ ಹಕ್ಕು ಬರುತ್ತದೆ.

ಅಂದಹಾಗೆ, ಕಂಪ್ಯೂಟರ್ ಅಂಗಡಿಗಳಲ್ಲಿ ಓಡಾಡುವ ಸಿದ್ಧ ನಮೂನೆಗಳನ್ನು ಕಸಕ್ಕೆ ಹಾಕಿ. ಗಂಡಸಿನ ವರದಿಯಲ್ಲಿ ‘ಆಕೆಯ ಪತಿ’ ಎಂದು ಉಳಿದುಬಿಟ್ಟದ್ದನ್ನು ನಾನು ಕಂಡಿದ್ದೇನೆ.

ಅವಧಿ. ಮೊದಲ ಬಾರಿಗೆ 90 ದಿನದವರೆಗೆ, ನಂತರ 120, ಆಮೇಲೆ 180 ದಿನ ಕೊಡಲು ಅವಕಾಶವಿದೆ. ಇದೆ ಎಂದು 90 ಕೇಳಬೇಡಿ. ರೈತನಿಗೆ ಆರು ವಾರ ಸಾಕೆನಿಸಿದರೆ ಆರೇ ವಾರ ಕೇಳಿ, ಆ ವಾರಗಳಲ್ಲಿ ಏನೇನು ಎಂದು ಬರೆಯಿರಿ: ಎರಡನೇ ಡೋಸ್, ಅಣ್ಣ ಬಾರದಿರುವ ಒಪ್ಪಂದದ ಮೇಲೆ ತಂಗಿಯ ಮನೆಗೆ ನಾಲ್ಕು ದಿನದ ರಜೆ, ಆಶಾ ಕಾರ್ಯಕರ್ತೆಯ ಭೇಟಿ. ಸಮುದಾಯ ಚಿಕಿತ್ಸೆಯ ಯೋಜನೆ ಎಲ್ಲಿಗೆ ಬಂತು ಎಂದು ಮಂಡಳಿ ಕೇಳಬಹುದು. ಕೇಳುವ ಮೊದಲೇ ಲಗತ್ತಿಸಿ.

ಸಲ್ಲಿಕೆ. 90ನೇ ಸೆಕ್ಷನ್‌ನಡಿ ಮುಂದುವರಿಸಿದ ಏಳು ದಿನದೊಳಗೆ ಮಂಡಳಿಗೆ ತಿಳಿಸಬೇಕು. ಮಂಡಳಿ 21 ದಿನದೊಳಗೆ ಒಪ್ಪುತ್ತದೆ ಅಥವಾ ಬಿಡುಗಡೆಗೆ ಆದೇಶಿಸುತ್ತದೆ. ವರದಿಯನ್ನು ರೋಗಿಗೆ ಕನ್ನಡದಲ್ಲಿ ಓದಿ ಹೇಳಿ, ಅವರ ಆಕ್ಷೇಪವನ್ನು ಅವರ ಮಾತಿನಲ್ಲೇ ಕೊನೆಗೆ ಸೇರಿಸಿ. ಉಚಿತ ವಕೀಲರು ಸಿಗುತ್ತಾರೆ ಎಂಬುದನ್ನೂ ತಿಳಿಸಿ.

ಅನುಮತಿ ಬಂದ ಮೇಲೂ ಹದಿನೈದು ದಿನಕ್ಕೊಮ್ಮೆ ಸಾಮರ್ಥ್ಯವನ್ನು ಮತ್ತೆ ಪರೀಕ್ಷಿಸಬೇಕು. ನಾಲ್ಕನೇ ವಾರಕ್ಕೇ ಸಾಮರ್ಥ್ಯ ಮರಳಿತೆಂದರೆ, ಆದೇಶದಲ್ಲಿ ಇನ್ನೂ ಎರಡು ವಾರ ಉಳಿದಿದ್ದರೂ, ಇರುವುದೋ ಹೊರಡುವುದೋ ಎಂದು ಹೇಳಬೇಕಾದವರು ಆ ರೈತ.