‘ರಿಪೋರ್ಟ್ಸ್ ಟು’ ಎಂದರೆ ವರದಿ ಬರೆಯುವುದಲ್ಲ

ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ ಯಾರ್ಡ್ ಸೂಪರ್‌ವೈಸರ್ ಬೇಕಾಗಿತ್ತು. ಇಂಗ್ಲಿಷ್ ಜಾಬ್ ಡಿಸ್ಕ್ರಿಪ್ಷನ್ ಅನ್ನು ಯಾರೋ ನಿಘಂಟು ಹಿಡಿದು ಕನ್ನಡಕ್ಕೆ ತಂದಿದ್ದರು. ‘ರಿಪೋರ್ಟ್ಸ್ ಟು ಯಾರ್ಡ್ ಮ್ಯಾನೇಜರ್’ ಎಂಬುದು ‘ಯಾರ್ಡ್ ಮ್ಯಾನೇಜರ್‌ಗೆ ವರದಿ ಸಲ್ಲಿಸಬೇಕು’ ಎಂದಾಗಿತ್ತು. ಕೆಲಸಕ್ಕೆ ಸೇರಿದ ಹುಡುಗ ಪಾಪ, ದಿನಾ ಸಂಜೆ ಒಂದು ಪುಟ ವರದಿ ಬರೆದು ಮ್ಯಾನೇಜರ್ ಮೇಜಿನ ಮೇಲಿಡುತ್ತಿದ್ದ. ರಜೆ ಬೇಕಾದಾಗ ಮಾತ್ರ ಸ್ಟೋರ್ಸ್‌ನವರನ್ನು ಕೇಳುತ್ತಿದ್ದ. ಅವನದೇನು ತಪ್ಪು? ಮೇಲಿನವರು ಯಾರು ಎಂದು ಆ ಕಾಗದ ಹೇಳಿರಲೇ ಇಲ್ಲ. ಇಂಥ ಕಾಗದಗಳನ್ನು ಸರಿಮಾಡಿಕೊಟ್ಟೂ ಕೊಟ್ಟೂ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು: ಹೆಸರುಗಳನ್ನು ಮುಟ್ಟಬೇಡಿ. ಸೂಪರ್‌ವೈಸರ್, ಸ್ಟೋರ್ಸ್, ಶಿಫ್ಟ್, ಮಾಯಿಶ್ಚರ್, ಒಳಸಿಪ್ಪೆ ಇನ್ನೂ ಇರುವ ಕಾಫಿ ಬೀಜಕ್ಕೆ ಹೇಳುವ ಪಾರ್ಚ್‌ಮೆಂಟ್ ಎಲ್ಲವೂ ಹಾಗೇ ಇರಲಿ. ‘ಮೇಲ್ವಿಚಾರಕ’ ಎಂದು ಯಾರ್ಡಿನಲ್ಲಿ ಯಾರೂ ಕರೆಯುವುದಿಲ್ಲ.

ಆಮೇಲೆ: ಕ್ರಿಯಾಪದಗಳು. ಎಲ್ಲರೂ ಎಡವುವುದು ಇಲ್ಲೇ, ನಿಧಾನವಾಗಿ ಹೋಗೋಣ. ಆ ಇಂಗ್ಲಿಷ್ ಕಾಗದದಲ್ಲಿ ಒಂದು ಸಾಲು ಹೀಗಿತ್ತು: ಎನ್‌ಶೂರ್ ಮಾಯಿಶ್ಚರ್ ಈಸ್ ವಿದಿನ್ ಲಿಮಿಟ್. ಅದು ‘ತೇವಾಂಶವನ್ನು ಖಚಿತಪಡಿಸಿಕೊಳ್ಳುವುದು’ ಎಂದಾಗಿತ್ತು. ಅಳೆಯುವವರು ಯಾರು, ಎಷ್ಟಿರಬೇಕು, ಜಾಸ್ತಿ ಬಂದರೆ ಏನು ಮಾಡಬೇಕು? ಒಂದೂ ಇಲ್ಲ. ‘ಪರಿಶೀಲಿಸಲಾಗುವುದು’ ಇನ್ನೂ ಕೆಟ್ಟದ್ದು. ಅದರಲ್ಲಿ ಕೆಲಸ ಮಾಡುವ ಮನುಷ್ಯನೇ ಮಾಯವಾಗಿಬಿಡುತ್ತಾನೆ.

ನಮ್ಮ ಭಾಷೆಯಲ್ಲಿ ಇದಕ್ಕೆ ಸೊಗಸಾದ ಸೌಲಭ್ಯವಿದೆ. ಹರವುವುದು ಬೇರೆ, ಹರವಿಸುವುದು ಬೇರೆ. ತುಂಬುವುದು ಬೇರೆ, ತುಂಬಿಸುವುದು ಬೇರೆ. ಹಾಗಾಗಿ ಪ್ರತಿ ಸಾಲಿಗೂ ಮ್ಯಾನೇಜರ್ ಬಳಿ ಕೂತು ಕೇಳಿ: ಇದನ್ನು ಅವನೇ ಮಾಡಬೇಕೋ, ಆಳುಗಳಿಂದ ಮಾಡಿಸಬೇಕೋ, ಬೇರೆಯವರು ಮಾಡುವಾಗ ಜೊತೆಗಿದ್ದರೆ ಸಾಕೋ? ‘ನೋಡಿಕೊಳ್ಳುವುದು’ ಎಂಬ ಪದವನ್ನು ನಾನು ಬರೆಯಲು ಬಿಡುವುದೇ ಇಲ್ಲ. ಅದರೊಳಗೆ ಈ ಮೂರೂ ಅಡಗಿಕೊಳ್ಳುತ್ತವೆ. ಕೇಳಿದ ಮೇಲೆ ಆ ಸಾಲು ಹೀಗಾಯಿತು:

‘ನೀವು ಆಳುಗಳಿಂದ ಪಾರ್ಚ್‌ಮೆಂಟ್ ಹರವಿಸಬೇಕು. ಚೀಲ ತುಂಬಿಸುವ ಮೊದಲು ಮೀಟರ್‌ನಲ್ಲಿ ನೀವೇ ಮಾಯಿಶ್ಚರ್ ನೋಡಿ ಪುಸ್ತಕದಲ್ಲಿ ಬರೆಯಬೇಕು. 10%ಗಿಂತ ಜಾಸ್ತಿ ಇದ್ದರೆ ತುಂಬಿಸಬಾರದು.’

ಒಂದು ಸಾಲು ಮೂರಾಯಿತು. ಆಗಲಿ ಬಿಡಿ. ‘ಅಸಿಸ್ಟ್’ ಬಂದಾಗಲೂ ಅಷ್ಟೇ. ಸುಮ್ನೆ ‘ಸಹಾಯ ಮಾಡುವುದು’ ಎಂದು ಬರೆದರೆ ಚೀಲ ಹೊರುವುದೂ ಅದರಲ್ಲಿ ಸೇರುತ್ತದೆ. ಯಾರಿಗೆ, ಯಾವ ಕೆಲಸದಲ್ಲಿ ಎಂದು ಬರೆಯಿರಿ.

ಮೇಲಿನವರು, ಕೆಳಗಿನವರು. ‘ರಿಪೋರ್ಟ್ಸ್ ಟು’ ಇದ್ದಲ್ಲಿ ‘ನಿಮ್ಮ ಮೇಲಿನವರು’ ಎಂದು ಹಾಕಿ. ‘ಅಧೀನ’ ಬೇಡ, ಸರ್ಕಾರಿ ಆದೇಶದ ವಾಸನೆ ಬರುತ್ತದೆ. ಇನ್ನೊಂದು ತೊಡಕು ‘ಡಾಟೆಡ್ ಲೈನ್’. ಅಂದರೆ ಮುಖ್ಯ ಬಾಸ್ ಒಬ್ಬರು, ಯಾವುದೋ ಒಂದು ವಿಷಯಕ್ಕೆ ಮಾತ್ರ ಇನ್ನೊಬ್ಬರ ಮಾತು ಕೇಳಬೇಕು. ಒಬ್ಬರು ಇದನ್ನು ‘ಚುಕ್ಕಿ ಗೆರೆ’ ಎಂದೇ ಬರೆದಿದ್ದರು, ರಂಗೋಲಿ ಹಾಕಿಸುವ ಕೆಲಸದ ಹಾಗೆ! ಪದ ಹುಡುಕಬೇಡಿ, ಅಧಿಕಾರವನ್ನು ಬಿಡಿಸಿ ಹೇಳಿ:

‘ನಿಮ್ಮ ಮೇಲಿನವರು ಯಾರ್ಡ್ ಮ್ಯಾನೇಜರ್. ದಿನದ ಕೆಲಸ ಹೇಳುವುದು, ರಜೆ ಕೊಡುವುದು ಅವರೇ. ಮಾಯಿಶ್ಚರ್ ವಿಷಯದಲ್ಲಿ ಮಾತ್ರ ಕ್ವಾಲಿಟಿ ಮ್ಯಾನೇಜರ್ ಹೇಳಿದ್ದೇ ಕೊನೆ. ಅವರು ನಿಲ್ಲಿಸಿ ಎಂದರೆ ನಿಲ್ಲಿಸಿ, ಕೂಡಲೇ ಯಾರ್ಡ್ ಮ್ಯಾನೇಜರ್‌ಗೆ ತಿಳಿಸಬೇಕು. ನಿಮ್ಮ ಕೈಕೆಳಗೆ 2 ಮೇಸ್ತ್ರಿಗಳು. ಆಳುಗಳಿಗೆ ಕೆಲಸ ಹೇಳುವುದು ಮೇಸ್ತ್ರಿಗಳ ಮೂಲಕ.’

ಕೊನೆಯ ವಾಕ್ಯ ಇಂಗ್ಲಿಷ್‌ನಲ್ಲಿ ಇರಲಿಲ್ಲ. ಕೇಳಿದಾಗ ಮ್ಯಾನೇಜರೇ ಹೇಳಿದ್ದು. ಅದು ಇಲ್ಲದಿದ್ದರೆ ಮೇಸ್ತ್ರಿಗೂ ಹೊಸಬನಿಗೂ ಮೊದಲ ವಾರವೇ ಜಟಾಪಟಿ. ಇಬ್ಬರು ಬಾಸ್‌ಗಳೂ ಒಂದೇ ಅಧಿಕಾರ ತಮ್ಮದು ಎಂದರೆ ನೀವು ತೀರ್ಪು ಕೊಡಲು ಹೋಗಬೇಡಿ. ಕಾಗದ ವಾಪಸ್ ಕಳಿಸಿ. ಅನುವಾದದಲ್ಲಿ ಅದನ್ನು ಸರಿಮಾಡಲು ಬರುವುದಿಲ್ಲ.

ಸಂಬಳ. ಸಿಟಿಸಿ ಎಂದರೆ ಒಬ್ಬರ ಮೇಲೆ ಕಂಪನಿ ಮಾಡುವ ಒಟ್ಟು ಖರ್ಚು, ಅದನ್ನು ‘ಸಂಬಳ’ ಎಂದು ಹಾಕಬೇಡಿ. ಅದರಲ್ಲಿ ಕಂಪನಿ ಕಟ್ಟುವ ಪಿಎಫ್ ಕೂಡ ಸೇರಿರುತ್ತದೆ. ಕೈಗೆ ಬರುವುದು ಎಷ್ಟು ಎಂದು ಬೇರೆ ಬರೆಯಿರಿ.

ಪರೀಕ್ಷೆ. ಕಾಗದವನ್ನು ಆಫೀಸಿನವರಿಗೆ ಓದಿಸಬೇಡಿ, ಅವರಿಗೆ ಉತ್ತರ ಮೊದಲೇ ಗೊತ್ತು. ಗೇಟಿನ ವಾಚ್‌ಮನ್‌ಗೋ ಕ್ಯಾಂಟೀನ್ ಹುಡುಗನಿಗೋ ಕೊಟ್ಟು ಮೂರು ಪ್ರಶ್ನೆ ಕೇಳಿ. ನಾಳೆ ರಜೆ ಬೇಕು, ಯಾರನ್ನು ಕೇಳ್ತೀರಿ? ಮೀಟರ್ 12 ತೋರಿಸಿತು, ಏನು ಮಾಡ್ತೀರಿ? ಆಳೊಬ್ಬ ಮಾತು ಕೇಳಲಿಲ್ಲ, ಯಾರಿಗೆ ಹೇಳ್ತೀರಿ? ಅವರು ತಡವರಿಸಿದ ಸಾಲನ್ನು ಮತ್ತೆ ಬರೆಯಿರಿ. ನಮ್ಮ ಕಾಗದದಲ್ಲಿ ಮೂರನೆಯದಕ್ಕೆ ವಾಚ್‌ಮನ್ ‘ಮ್ಯಾನೇಜರ್‌ಗೆ’ ಎಂದರು. ಮೇಸ್ತ್ರಿಗಳ ಸಾಲು ಪುಟದ ಕೊನೆಯಲ್ಲಿತ್ತು, ಅವರ ಕಣ್ಣಿಗೆ ಬಿದ್ದಿರಲಿಲ್ಲ. ಮೇಲಕ್ಕೆ ತಂದೆವು.

ಟೈಪಿಂಗ್. ಯೂನಿಕೋಡ್‌ನಲ್ಲೇ ಮಾಡಿಸಿ. ಡಿಟಿಪಿ ಅಂಗಡಿಯಲ್ಲಿ ಹಳೇ ಫಾಂಟ್‌ನಲ್ಲಿ ಹೊಡೆಸಿದ್ದನ್ನು ಕಾಪಿ ಮಾಡಿ ವಾಟ್ಸ್ಆ್ಯಪ್‌ಗೆ ಹಾಕಿದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣಿಸುತ್ತದೆ.