ಗಂಜ್ ಅಂಗಡಿಯವರಿಗೆ ಸ್ಟಾಕ್ ಆ್ಯಪ್ ತೋರಿಸೋದು ಹೇಗೆ

ಲಾಗಿನ್, ಸೆಟ್ಟಿಂಗ್ಸ್‌ನಿಂದ ಶುರು ಮಾಡಬೇಡಿ. ಹಿಂದಿನ ದಿನವೇ ಅವರ ತೊಗರಿಬೇಳೆ ಸ್ಟಾಕ್ ತುಂಬಿಡಿ: 30 ಕಿಲೋದ 4 ಚೀಲ, ಅಂದ್ರೆ 120 ಕಿಲೋ. ಯೂನಿಟ್ ಕಿಲೋದಲ್ಲೇ ಇರಲಿ. ಚೀಲ ಅಂತ ಇಟ್ಟರೆ 5 ಕಿಲೋ ಮಾರಿದಾಗ 4ರಲ್ಲಿ 5 ಕಳೆದು ಪರದೆ ಮೇಲೆ -1 ಬರುತ್ತೆ, ನಂಬಿಕೆ ಅಲ್ಲೇ ಮುರಿಯುತ್ತೆ.

ಫೋನ್ ಅವರ ಕೈಗೇ ಕೊಡಿ. “ಸಾವ್ಕಾರ್ರೇ, 5 ಕಿಲೋ ಬೇಳೆ ಮಾರ್ರಿ.” 120 ಇದ್ದದ್ದು 115 ಆಗುತ್ತೆ. ಆಗ ಸುಮ್ಮನಿರಿ, ಅವರೇ ನೋಡಲಿ.

ಮುಂದಿನದು ಬಹಳ ಮುಖ್ಯ: ಬೇಕಂತಲೇ ತಪ್ಪು ಮಾಡಿಸಿ. “ಈಗ 5ರ ಬದಲು 50 ಒತ್ರಿ.” ಸ್ಟಾಕ್ 65ಕ್ಕೆ ಇಳಿಯುತ್ತೆ. ಬಿಲ್ ರದ್ದು ಮಾಡಿಸಿ, ಮತ್ತೆ 115 ಬಂದಿದ್ದನ್ನು ತೋರಿಸಿ. ಕೌಂಟರ್ ಹುಡುಗ ತಪ್ಪು ಒತ್ತಿದರೆ ಏನ್ಮಾಡೋದು ಅನ್ನೋದೇ ಅವರ ದೊಡ್ಡ ಭಯ.